ಒಂದೇ ಫೋನ್, ಎರಡು ಹಳ್ಳಿ: ಗೇಮ್ ಕ್ಲೋನ್ ಮಾಡುವ ದಾರಿಗಳನ್ನು ಬಳಸಿ ನೋಡಿದ್ದು

ಕ್ಲ್ಯಾಶ್ ಆಫ್ ಕ್ಲ್ಯಾನ್ಸ್‌ನಲ್ಲಿ ನನಗೆ ಎರಡು ಹಳ್ಳಿಗಳಿವೆ. ಒಂದು ವರ್ಷಗಟ್ಟಲೆ ಆಡಿ ಬೆಳೆಸಿದ್ದು. ಇನ್ನೊಂದು ಮಿನಿ, ಅಂದರೆ ಎರಡನೇ ಅಕೌಂಟಿನ ಪುಟ್ಟ ಹಳ್ಳಿ. ದೊಡ್ಡ ಹಳ್ಳಿಯಿಂದ ಗಟ್ಟಿ ಸೈನ್ಯ ಡೊನೇಟ್ ಮಾಡಿ ಇದನ್ನು ಬೇಗ ಮೇಲೆ ತರೋಣ ಅಂತ ಶುರು ಮಾಡಿದ್ದು. ಎರಡೂ ಒಂದೇ ಕ್ಲ್ಯಾನ್‌ನಲ್ಲಿವೆ, ಫೋನ್ ಮಾತ್ರ ಒಂದೇ. ರ‍್ಯಾಮ್ 6 ಜಿಬಿ. ಎರಡನ್ನೂ ಇದೇ ಫೋನಿನಲ್ಲಿ ಆಡೋಕೆ ಒಂದೊಂದೇ ದಾರಿ ಹಿಡಿದು ನೋಡಿದೆ. ಮೊದಲು ಹಿಡಿದದ್ದೇ ಕೆಟ್ಟ ದಾರಿ.

ಪ್ಲೇ ಸ್ಟೋರ್‌ನಲ್ಲಿ ಸಿಕ್ಕ, ಬೇರೆ ಆ್ಯಪ್‌ಗಳ ಎರಡನೇ ಪ್ರತಿ ಓಡಿಸುವ ಒಂದು ಕ್ಲೋನ್ ಆ್ಯಪ್ ಹಾಕಿಕೊಂಡೆ. ಹೆಸರು ಬೇಡ, ಈ ಬಗೆಯವು ತುಂಬಾ ಇವೆ, ಕೆಲಸ ಮಾಡುವ ರೀತಿಯೂ ಹೆಚ್ಚುಕಡಿಮೆ ಒಂದೇ. ಆ್ಯಪ್ ತೆರೆದು ಪ್ಲಸ್ ಒತ್ತಿ ಗೇಮ್ ಆರಿಸಿದರೆ ಸಾಕು, ಒಳಗಡೆ ಹೊಸ ಹಳ್ಳಿ ತಯಾರು. ಮಿನಿಯನ್ನು ಏಳನೇ ಹಂತ, ಅಂದರೆ ಟೌನ್ ಹಾಲ್ 7ರವರೆಗೆ ಅಲ್ಲೇ ಬೆಳೆಸಿದೆ. ಸೂಪರ್‌ಸೆಲ್ ಐಡಿಗೆ, ಅಂದರೆ ಗೇಮ್ ಕಂಪನಿಯ ಲಾಗಿನ್‌ಗೆ ಜೋಡಿಸಿರಲಿಲ್ಲ, ನಾಳೆ ಮಾಡಿದರಾಯ್ತು ಅಂತ ಬಿಟ್ಟಿದ್ದೆ. ಒಂದು ದಿನ ಫೋನ್ ತುಂಬಿತು. ಜಾಹೀರಾತಿನ ಕಾಟವೂ ಜಾಸ್ತಿ ಆಗಿತ್ತು. ಕ್ಲೋನ್ ಆ್ಯಪನ್ನು ಡಿಲೀಟ್ ಮಾಡಿ, ವಾರ ಬಿಟ್ಟು ಮತ್ತೆ ಹಾಕಿದೆ. ತೆರೆದರೆ ಟೌನ್ ಹಾಲ್ 1, ಗೇಮ್ ನನಗೇ ಆಟ ಕಲಿಸಲು ಶುರು ಮಾಡಿತು.

ಹಳ್ಳಿ ಇವತ್ತಿಗೂ ಗೇಮ್‌ನ ಸರ್ವರ್‌ನಲ್ಲಿ ಇರಬಹುದು. ಕಳೆದದ್ದು ಬೀಗದ ಕೈ. ಐಡಿಗೆ ಜೋಡಿಸದ ಅಕೌಂಟಿನ ಗುರುತು ಫೋನಿನಲ್ಲಿ ಗೇಮ್‌ನ ಡೇಟಾ ಫೋಲ್ಡರ್‌ನಲ್ಲಿ ಮಾತ್ರ ಇರುತ್ತದೆ. ಇಲ್ಲಿ ಆ ಫೋಲ್ಡರ್ ಗೇಮ್‌ನದೇ ಆಗಿರಲಿಲ್ಲ, ಕ್ಲೋನ್ ಆ್ಯಪ್‌ನದಾಗಿತ್ತು. ಅದು ಹೋದಾಗ ಒಳಗಿದ್ದದ್ದೆಲ್ಲ ಹೋಯಿತು.

ಇಂಥ ಆ್ಯಪ್‌ಗಳ ದೊಡ್ಡ ತೊಂದರೆಯೂ ಇಲ್ಲೇ ಇದೆ. ಆಂಡ್ರಾಯ್ಡ್ ಪ್ರತಿ ಆ್ಯಪ್‌ಗೂ ಒಂದು ಸಂಖ್ಯೆ ಕೊಟ್ಟು ಬೇರೆ ಕೋಣೆ ಮಾಡುತ್ತದೆ, ಒಬ್ಬರ ಕೋಣೆಗೆ ಇನ್ನೊಬ್ಬರು ಇಣುಕುವ ಹಾಗಿಲ್ಲ. ಕ್ಲೋನ್ ಆ್ಯಪ್ ಮಾಡುವುದೇನೆಂದರೆ, ಗೇಮನ್ನು ತನ್ನ ಕೋಣೆಯೊಳಗೇ, ತನ್ನ ಹೆಸರಲ್ಲೇ ಓಡಿಸುತ್ತದೆ. ಅಂದರೆ ನಿಮ್ಮ ಲಾಗಿನ್ ಗುರುತನ್ನು ಅದು ಬೇಕೆಂದರೆ ಓದಬಹುದು. ಓದುತ್ತದೆ ಅಂತ ನಾನು ಹೇಳುತ್ತಿಲ್ಲ, ತಡೆಯುವ ಗೋಡೆ ಇಲ್ಲ ಅಷ್ಟೇ. ಇನ್ನೂ ಒಂದಿದೆ. ಒಂದು ಗೇಮ್‌ಗೆ ಬೇಕು ಅಂತ ಕ್ಲೋನ್ ಆ್ಯಪ್‌ಗೆ ಲೊಕೇಶನ್ ಪರ್ಮಿಷನ್ ಕೊಟ್ಟರೆ, ಅದರೊಳಗೆ ಹಾಕಿದ ಎಲ್ಲಾ ಆ್ಯಪ್‌ಗಳಿಗೂ ಅದು ಸಿಕ್ಕಂತೆ.

ನೀವು ಬಳಸುತ್ತಿರುವುದು ಈ ಬಗೆಯದ್ದೇ ಅಂತ ತಿಳಿಯುವುದು ಸುಲಭ. ಎರಡನೇ ಗೇಮನ್ನು ಅರ್ಧ ಗಂಟೆ ಆಡಿ, ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಬಳಕೆ ನೋಡಿ. ಆ ಅರ್ಧ ಗಂಟೆ ಗೇಮ್ ಹೆಸರಿಗೆ ಬೀಳದೆ ಕ್ಲೋನ್ ಆ್ಯಪ್ ಹೆಸರಿಗೆ ಬಿದ್ದಿದ್ದರೆ, ಗೇಮ್ ಅದರ ಹೊಟ್ಟೆಯೊಳಗಿದೆ.

ಎರಡನೆಯ ದಾರಿ ಫೋನಿನಲ್ಲೇ ಬರುವ ಸೌಲಭ್ಯ. ಶವೋಮಿಯಲ್ಲಿ ಡ್ಯುಯಲ್ ಆ್ಯಪ್ಸ್, ಬೇರೆ ಕಂಪನಿಗಳಲ್ಲಿ ಬೇರೆ ಹೆಸರು. ಸ್ಯಾಮ್‌ಸಂಗ್‌ನ ಡ್ಯುಯಲ್ ಮೆಸೆಂಜರ್ ಮೆಸೇಜ್ ಆ್ಯಪ್‌ಗಳಿಗೆ ಮಾತ್ರ, ಗೇಮ್‌ಗೆ ಆಗದು. ಅಲ್ಲಿ ಸೆಕ್ಯೂರ್ ಫೋಲ್ಡರ್ ಒಳಗೆ ಎರಡನೇ ಪ್ರತಿ ಹಾಕಿಕೊಳ್ಳಬೇಕು. ಇವೆರಡರಲ್ಲೂ ಫೋನ್ ಒಳಗೊಳಗೇ ಇನ್ನೊಬ್ಬ ಬಳಕೆದಾರನನ್ನು ಹುಟ್ಟಿಸುತ್ತದೆ. ಫೋನಿನಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, adb ಇರುವ ಕಂಪ್ಯೂಟರ್‌ಗೆ ಸಿಕ್ಕಿಸಿ ಹೀಗೆ ಕೊಟ್ಟರೆ ಕಣ್ಣಾರೆ ಕಾಣುತ್ತದೆ:

```
adb shell pm list users
```

ನನ್ನ ಶವೋಮಿಯಲ್ಲಿ 0 ಅಂತ ನಾನು, 999 ಅಂತ ಇನ್ನೊಬ್ಬ. ಗೇಮ್‌ನ ಫೈಲ್ ಒಂದೇ, ಡೇಟಾ ಮಾತ್ರ ಎರಡು ಕಡೆ. ಗೋಡೆ ಆಂಡ್ರಾಯ್ಡ್ ಕಟ್ಟಿದ್ದು, ನಡುವೆ ಮೂರನೆಯವರಿಲ್ಲ. ಎರಡೂ ಹಳ್ಳಿ ಅಕ್ಕಪಕ್ಕ ತೆರೆದಿಟ್ಟುಕೊಂಡು ಓಡಾಡಲು ಇದೇ ಚೆಂದ. ಆದರೆ 6 ಜಿಬಿಯಲ್ಲೂ ಒಂದರಿಂದ ಇನ್ನೊಂದಕ್ಕೆ ಹೋಗಿ ಬರುವಷ್ಟರಲ್ಲಿ ಮೊದಲನೆಯದು ಹಲವು ಸಲ ಮತ್ತೆ ಲೋಡ್ ಆಗುತ್ತದೆ. ಡ್ಯುಯಲ್ ಸ್ವಿಚ್ ಆಫ್ ಮಾಡಿದರೆ ಆ ಕಡೆಯ ಡೇಟಾ ಅಳಿಸಿಹೋಗುತ್ತದೆ, ಇದನ್ನು ನೆನಪಿಡಿ. ನಾನು ಈ ಸಲ ಹೊಸ ಮಿನಿ ಶುರುವಾದ ಹತ್ತು ನಿಮಿಷಕ್ಕೇ ಐಡಿಗೆ ಜೋಡಿಸಿದೆ. ಬೇರೆ ಇಮೇಲ್ ಕೊಟ್ಟು, ಅದಕ್ಕೆ ಬಂದ ಆರಂಕಿಯ ಕೋಡ್ ಹಾಕಿದರೆ ಮುಗಿಯಿತು.

ಫೋನಿನಲ್ಲಿ ಈ ಸೌಲಭ್ಯ ಇಲ್ಲದವರಿಗೆ ಶೆಲ್ಟರ್ ಅನ್ನುವ ಆ್ಯಪ್ ಇದೆ. ಉಚಿತ, ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಆಫೀಸಿನವರು ಬಳಸುವ ವರ್ಕ್ ಪ್ರೊಫೈಲ್ ಅನ್ನೇ ನಮಗಾಗಿ ಮಾಡಿಕೊಡುತ್ತದೆ, ಕ್ಲೋನ್ ಆದ ಗೇಮ್‌ನ ಐಕಾನ್ ಮೇಲೆ ಪುಟ್ಟ ಬ್ರೀಫ್‌ಕೇಸ್ ಕೂರುತ್ತದೆ. ತಂಗಿಯ ಫೋನಿನಲ್ಲಿ ಹಾಕಿ ನೋಡಿದೆ, ಚೆನ್ನಾಗಿಯೇ ನಡೆಯಿತು. ನಮ್ಮ ಭಾವನ ಫೋನಿನಲ್ಲಿ ಆಗಲಿಲ್ಲ, ಏಕೆಂದರೆ ಆಫೀಸ್ ಮೇಲ್‌ಗೆ ಅಂತ ಅವರಲ್ಲಿ ಆಗಲೇ ವರ್ಕ್ ಪ್ರೊಫೈಲ್ ಇತ್ತು. ಸಾಮಾನ್ಯವಾಗಿ ಒಂದು ಫೋನಿಗೆ ಒಂದೇ. "ಆಫೀಸಿನದನ್ನ ತೆಗೆದುಬಿಡು, ಸೋಮವಾರ ನೋಡ್ಕೊಳ್ಳೋಣ" ಅಂದರು ಭಾವ. ಅಕ್ಕ ಫೋನ್ ಕಿತ್ತುಕೊಂಡಳು.

ಇನ್ನೊಂದು ಬಗೆ ಇದೆ: ಗೇಮ್‌ನ ಫೈಲನ್ನೇ ಬಿಚ್ಚಿ, ಆಂಡ್ರಾಯ್ಡ್ ಅದನ್ನು ಗುರುತಿಸುವ ಪ್ಯಾಕೇಜ್ ಹೆಸರು ಬದಲಿಸಿ, ತಯಾರಿಸಿದವರ ಡಿಜಿಟಲ್ ಸಹಿಯ ಬದಲು ಬೇರೆ ಸಹಿ ಹಾಕಿ ಮತ್ತೆ ಕಟ್ಟುವುದು. ಇದನ್ನು ಒಂದು ಸಣ್ಣ ಒಗಟಿನ ಗೇಮ್ ಮೇಲೆ ಮಾತ್ರ ಪ್ರಯತ್ನಿಸಿದೆ. ಗೂಗಲ್ ಲಾಗಿನ್ ಒತ್ತಿದ ಕೂಡಲೇ ಎರರ್. ಗೂಗಲ್ ಲಾಗಿನ್ ಪ್ಯಾಕೇಜ್ ಹೆಸರು ಮತ್ತು ಸಹಿ ಎರಡನ್ನೂ ನೋಡಿಯೇ ಬಿಡುವುದು, ಹಾಗಾಗಿ ಇದು ಅಚ್ಚರಿಯಲ್ಲ. ಆನ್‌ಲೈನ್ ಗೇಮ್‌ನ ಸರ್ವರ್, ಆ್ಯಪ್ ಅಸಲಿಯೇ ಅಂತ ಪರೀಕ್ಷಿಸುವ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಮೂಲಕ ವಿಚಾರಿಸಿದರೆ `UNRECOGNIZED_VERSION` ಅಂತ ಉತ್ತರ ಹೋಗುತ್ತದೆ. ಗೇಮ್ ಕಂಪನಿಯ ಕಣ್ಣಿಗೆ, ಮೋಸಕ್ಕೆ ತಿದ್ದಿದ ಗೇಮ್ ಹಾಕಿಕೊಂಡವನಿಗೂ ನಿಮಗೂ ವ್ಯತ್ಯಾಸವಿಲ್ಲ. ಸೂಪರ್‌ಸೆಲ್ ಬದಲಿಸಿದ ಗೇಮ್‌ಗಳನ್ನು ಒಪ್ಪುವುದಿಲ್ಲ, ಸಿಕ್ಕಿಬಿದ್ದರೆ ಅಕೌಂಟ್ ಬ್ಯಾನ್ ಆಗಬಹುದು. ಮುಖ್ಯ ಹಳ್ಳಿಯನ್ನು ಇದರೊಳಗೆ ತೆರೆಯುವ ಧೈರ್ಯ ನನಗಂತೂ ಇಲ್ಲ.

ಬ್ಯಾನ್ ಅಂದಾಗ ಒಂದು ಮಾತು. ಕ್ಲೋನ್‌ನಲ್ಲಿ ಆಡಿದರೆ ಎರಡು ಅಕೌಂಟ್ ಒಬ್ಬನದೇ ಅಂತ ಗೊತ್ತಾಗಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಆಂಡ್ರಾಯ್ಡ್ 8ರಿಂದ ಈಚೆಗೆ ಎರಡು ಪ್ರೊಫೈಲ್‌ಗಳಲ್ಲಿ ಗೇಮ್‌ಗೆ ಕಾಣುವ ಆಂಡ್ರಾಯ್ಡ್ ಐಡಿ, ಅಂದರೆ ಫೋನಿನ ಗುರುತಿನ ಸಂಖ್ಯೆ, ಬೇರೆ ಬೇರೆ, ಅದು ನಿಜ. ಆದರೆ ಅದೇ ಮಾಡೆಲ್, ಅದೇ ವೈಫೈ, ಒಂದು ಮುಚ್ಚಿದ ನಿಮಿಷಕ್ಕೆ ಇನ್ನೊಂದು ತೆರೆಯುವುದು, ಇದೆಲ್ಲ ಸರ್ವರ್‌ಗೆ ಕಾಣುತ್ತದೆ ಅಲ್ವಾ? ಹಾಗಾಗಿ ಮೊದಲು ಓದಬೇಕಾದದ್ದು ಗೇಮ್‌ನ ನಿಯಮ. ಪೋಕಿಮಾನ್ ಗೋದಲ್ಲಿ ಒಬ್ಬರಿಗೆ ಒಂದೇ ಅಕೌಂಟ್ ಅಂತ ಸ್ಪಷ್ಟವಾಗಿ ಬರೆದಿದೆ. ಅಲ್ಲಿ ಎಷ್ಟು ಒಳ್ಳೆಯ ಕ್ಲೋನ್ ಬಳಸಿದರೂ ತಪ್ಪು ತಪ್ಪೇ.

ಕ್ಲ್ಯಾಶ್‌ನಲ್ಲಿ ಹಾಗಿಲ್ಲ. ಸೆಟ್ಟಿಂಗ್ಸ್ ತೆರೆದು ಸೂಪರ್‌ಸೆಲ್ ಐಡಿ ಒತ್ತಿದರೆ ಅಕೌಂಟ್ ಬದಲಿಸುವ ಬಟನ್ ಅಲ್ಲೇ ಇದೆ. ಎರಡೂ ಹಳ್ಳಿ ಪಟ್ಟಿಯಲ್ಲಿ ಕಾಣುತ್ತವೆ, ಬೆರಳಿಟ್ಟರೆ ಕೆಲವೇ ಸೆಕೆಂಡಿನಲ್ಲಿ ಆಚೆಯ ಹಳ್ಳಿ. ನನಗೆ ಇದು ಮೊದಲೇ ಗೊತ್ತಿತ್ತು, ಆದರೂ ಎರಡೂ ಒಟ್ಟಿಗೆ ತೆರೆದಿರಬೇಕು ಅನ್ನುವ ಹಟ. ಲೆಕ್ಕ ಹಾಕಿದರೆ ಅದರ ಅಗತ್ಯವೇ ಇರಲಿಲ್ಲ. ಮಿನಿಯಲ್ಲಿ ಸೈನ್ಯ ಕೇಳಿ, ಬದಲಿಸಿ, ದೊಡ್ಡ ಹಳ್ಳಿಯಿಂದ ಕೊಟ್ಟರೆ ಆಯಿತು. ಕೇಳಿದವನು ಆಗ ಆನ್‌ಲೈನ್ ಇರಬೇಕಿಲ್ಲ.

ಈಗ ದೊಡ್ಡ ಹಳ್ಳಿ, ಹೊಸ ಮಿನಿ ಎರಡೂ ಒಂದೇ ಗೇಮ್ ಒಳಗಿವೆ. 999ನೇ ಬಳಕೆದಾರನ ಬಳಿ ಈಗ ಎರಡನೇ ವಾಟ್ಸ್‌ಆ್ಯಪ್ ಮಾತ್ರ ಉಳಿದಿದೆ. ಮಿನಿ ಮತ್ತೆ ಟೌನ್ ಹಾಲ್ 6ಕ್ಕೆ ಬಂದಿದೆ.