ಪಾಸ್‌ಪೋರ್ಟ್ ಫೋಟೋದಲ್ಲಿ ನಂಬರ್ ಮುಚ್ಚಿದೆ ಅನ್ಕೊಂಡು ಶೇರ್ ಮಾಡೋ ಮುಂಚೆ ಇದನ್ನ ಓದಿ

ಐಡಿ ಕಾರ್ಡ್ ಫೋಟೋ ನೋಡಿ ಟೈಪ್ ಮಾಡೋ ಕೆಲಸ ನಿಮ್ಮ ಕೈಗೆ ಬಂದಿದ್ರೆ ದಯವಿಟ್ಟು ಓದಿ, ನನ್ನಿಂದ ಆಗಿರೋ ತಪ್ಪು ಇದು.

ಒಂದು ಟೂರ್ ಬುಕಿಂಗ್‌ಗೆ 23 ಜನರ ಪಾಸ್‌ಪೋರ್ಟ್ ಫೋಟೋ ನನಗೆ ಕಳಿಸಿದ್ರು, ಹೆಸರು, ನಂಬರ್, ಹುಟ್ಟಿದ ದಿನ, ಎಕ್ಸ್‌ಪೈರಿ ಇಷ್ಟೂ ಶೀಟ್‌ಗೆ ಹಾಕ್ಬೇಕಿತ್ತು. ಒಬ್ಬರ ಹೆಸರಲ್ಲಿ ಒಂದಕ್ಷರ ಬಿಟ್ಟುಹೋಗಿತ್ತು, ಪ್ರಿಂಟ್ ಆಗಿರೋದೇ ಹಂಗೆ. ಸರಿ ಮಾಡ್ಲಾ, ಹಂಗೇ ಬಿಡ್ಲಾ ಅಂತ ಗೊತ್ತಾಗ್ದೆ ಆ ಫೋಟೋನೇ ಗ್ರೂಪ್‌ಗೆ ಹಾಕಿ ಕೇಳ್ಬಿಟ್ಟೆ. ಹಾಕೋ ಮುಂಚೆ ಫೋನಿನ ಮಾರ್ಕರ್‌ನಲ್ಲಿ ನಂಬರ್ರೂ ಹುಟ್ಟಿದ ದಿನಾನೂ ಕಪ್ಪಗೆ ಬಳಿದಿದ್ದೆ, ಅಷ್ಟು ಸಾಕು ಅನ್ಕೊಂಡಿದ್ದೆ.

ಹತ್ತು ನಿಮಿಷಕ್ಕೆ ಒಬ್ಬರು ಪರ್ಸನಲ್ ಆಗಿ ಮೆಸೇಜ್ ಮಾಡಿ ಎರಡನ್ನೂ ಹಂಗೇ ಓದಿ ಹೇಳಿದ್ರು. ಪುಟದ ಕೆಳಗೆ `<<<` ತುಂಬಿರೋ ಎರಡು ಸಾಲು ಇರುತ್ತಲ್ಲ, ಒಂದೊಂದ್ರಲ್ಲೂ 44 ಅಕ್ಷರ, ಎರಡನೇ ಸಾಲು ಶುರುವಾಗೋದೇ ಪಾಸ್‌ಪೋರ್ಟ್ ನಂಬರ್‌ನಿಂದ, ಆಮೇಲೆ ಹುಟ್ಟಿದ ದಿನ ವರ್ಷ-ತಿಂಗಳು-ದಿನ ಕ್ರಮದಲ್ಲಿ ಆರು ಅಂಕಿ. ನಾನು ಮೇಲೆ ಮುಚ್ಚಿದ್ದೆಲ್ಲಾ ಕೆಳಗೆ ಬಿಟ್ಟಿದ್ದೆ. ಸಾಲದ್ದಕ್ಕೆ ನಾನು ಬಳಿದಿದ್ದು ಹೈಲೈಟರ್, ಬ್ರೈಟ್‌ನೆಸ್ ಏರಿಸಿದ್ರೆ ಅದರಡಿಯ ಅಕ್ಷರಾನೂ ಕಾಣುತ್ತೆ! ತಕ್ಷಣ ಡಿಲೀಟ್ ಮಾಡ್ದೆ, ಆದ್ರೆ ಆಟೋ ಡೌನ್‌ಲೋಡ್ ಆನ್ ಇದ್ದವರ ಗ್ಯಾಲರಿಗೆ ಅಷ್ಟರಲ್ಲಿ ಹೋಗಿರುತ್ತೆ. ಆ ಪಾಸ್‌ಪೋರ್ಟಿನವರಿಗೆ ಫೋನ್ ಮಾಡಿ ಹೇಳೋವಾಗ ನನಗೆ ಮಾತೇ ಹೊರಡ್ಲಿಲ್ಲ.

ನನಗೆ ಬೇಕಿದ್ದಿದ್ದು ಹೆಸರಿನ ಬಗ್ಗೆ ಉತ್ತರ ಅಷ್ಟೇ, ಅದಕ್ಕೆ ಫೋಟೋನೇ ಬೇಕಿರ್ಲಿಲ್ಲ. ಹೆಸರು ಕಾರ್ಡಲ್ಲಿ ಹೆಂಗಿದೆಯೋ ಹಂಗೇ ಟೈಪ್ ಮಾಡ್ಬೇಕು, ತಪ್ಪಿದ್ರೂ ಆ ತಪ್ಪಿನ ಸಮೇತ, ಯಾಕಂದ್ರೆ ಟಿಕೆಟ್ ತಾಳೆ ನೋಡೋದು ಕಾರ್ಡ್ ಜೊತೆ. ಅನುಮಾನ ಇದ್ರೆ ಪಕ್ಕದ ಕಾಲಮ್‌ನಲ್ಲಿ ಬರೀರಿ, ಕೇಳೋದಿದ್ರೆ ಆ ಕಾರ್ಡಿನವರನ್ನೇ ಕೇಳಿ.

ನಂಬರ್‌ನಲ್ಲಿ ಸೊನ್ನೆನಾ `O` ನಾ ಅನ್ನೋ ಗೊಂದಲಕ್ಕೂ ಯಾರಿಗೂ ಫೋಟೋ ತೋರಿಸ್ಬೇಕಿಲ್ಲ. ಕೆಳಗಿನ ಸಾಲಲ್ಲಿ ನಂಬರ್‌ಗೆ ಅಂತ ಇರೋ ಒಂಬತ್ತು ಜಾಗ ಆದ ತಕ್ಷಣ ಒಂದು ಚೆಕ್ ಅಂಕಿ ಇರುತ್ತೆ. `A` ಗೆ 10, `B` ಗೆ 11 ಹಿಂಗೆ ಬೆಲೆ ಕೊಟ್ಟು, ಎಡದಿಂದ 7, 3, 1 ಅಂತ ಮತ್ತೆ ಮತ್ತೆ ಗುಣಿಸಿ ಕೂಡಿಸಿದ್ರೆ ಮೊತ್ತದ ಕೊನೇ ಅಂಕಿ ಅದೇ ಬರ್ಬೇಕು. ಮಾದರಿ ಪಾಸ್‌ಪೋರ್ಟಿನ `L898902C3` ಗೆ ಮೊತ್ತ 316, ಚೆಕ್ ಅಂಕಿ 6. ಅದರ ಸೊನ್ನೆ ಜಾಗದಲ್ಲಿ `O` ಹೊಡೆದ್ರೆ 340, ಕೊನೆಗೆ 0 ಬರುತ್ತೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತೆ.

ಫೋಟೋ ತೋರಿಸ್ಲೇಬೇಕು ಅಂದ್ರೆ ಹೆಸರಿರೋ ಸಾಲು ಮಾತ್ರ ಸ್ಕ್ರೀನ್ ತುಂಬಾ ಝೂಮ್ ಮಾಡಿ ಸ್ಕ್ರೀನ್‌ಶಾಟ್ ತೆಗೀರಿ. ನಾನು ಆ 23 ಫೋಟೋನೂ ಬುಕಿಂಗ್ ಮುಗಿದ ದಿನವೇ ಫೋನಿಂದ, ಚಾಟ್‌ನಿಂದ, ಬ್ಯಾಕಪ್‌ನಿಂದ ಅಳಿಸ್ದೆ, ಡಿಲೀಟ್ ಆದವು ಕೂತಿರೋ ಟ್ರ್ಯಾಶ್ ಫೋಲ್ಡರ್‌ನಿಂದಾನೂ.