ಕೂದಲಿನ ಗೆರೆ ಹಿಂದೆ ಸರಿದಾಗ: ಡ್ಯುಟಾಸ್ಟರೈಡೋ, ಹೈಡ್ರಾಕ್ಸಿಕ್ಲೋರೋಕ್ವಿನ್ನೋ?

ಮುಟ್ಟು ನಿಂತ ಮೇಲೆ ಹಣೆ ಅಗಲವಾಗುತ್ತಾ ಹೋಗಿ, ಹುಬ್ಬೂ ಉದುರಿದರೆ ಅದು ಫ್ರಂಟಲ್ ಫೈಬ್ರೋಸಿಂಗ್ ಅಲೋಪೀಶಿಯಾ ಇರಬಹುದು. ಸಾಮಾನ್ಯ ಕೂದಲುದುರುವಿಕೆಯಲ್ಲಿ ನೆತ್ತಿ ತೆಳುವಾಗುತ್ತದೆ, ಮುಂದಿನ ಗೆರೆ ಹೆಚ್ಚಾಗಿ ಉಳಿಯುತ್ತದೆ. ಇಲ್ಲಿ ಗೆರೆಯೇ ಸರಿಯುತ್ತದೆ. ಕೂದಲಿನ ಬೇರು ಕಲೆಗಟ್ಟಿ ಸಾಯುವುದರಿಂದ ಹೋದದ್ದು ಸಾಮಾನ್ಯವಾಗಿ ಮರಳುವುದಿಲ್ಲ. ಆದ್ದರಿಂದ ಔಷಧದ ಗುರಿ ಉಳಿದ ಕೂದಲನ್ನು ಕಾಪಾಡುವುದು, ಅಷ್ಟೇ.

ಡ್ಯುಟಾಸ್ಟರೈಡ್ ಗಂಡು ಹಾರ್ಮೋನಿನ ಒಂದು ರೂಪವನ್ನು ತಗ್ಗಿಸುತ್ತದೆ. ಗೆರೆ ನಿಲ್ಲಿಸಲು ವೈದ್ಯರು ಜಾಸ್ತಿ ನೆಚ್ಚುವುದು ಇದನ್ನೇ. ಸ್ತನ ಕ್ಯಾನ್ಸರ್ ಆಗಿದ್ದವರು ಮಾತ್ರ ಅದನ್ನು ಮೊದಲೇ ಹೇಳಬೇಕು.

ಹೈಡ್ರಾಕ್ಸಿಕ್ಲೋರೋಕ್ವಿನ್ ಉರಿಯೂತ ತಗ್ಗಿಸುತ್ತದೆ. ಗೆರೆಯಲ್ಲಿ ತುರಿಕೆ, ಉರಿ, ಕೂದಲ ಬುಡದಲ್ಲಿ ಕೆಂಪು ಇದ್ದರೆ ಇದು ಹೊಂದುತ್ತದೆ. ಆದರೆ ಡೋಸ್ ತೂಕಕ್ಕೆ ತಕ್ಕಂತೆ ಇರಬೇಕು: ದಿನಕ್ಕೆ ಕಿಲೋಗೆ 5 ಮಿಲಿಗ್ರಾಂ ಮೀರಬಾರದು. 50 ಕಿಲೋ ಇದ್ದರೆ 250 ಮಿಲಿಗ್ರಾಂ ಮಿತಿ. ವರ್ಷಗಟ್ಟಲೆ ತಿಂದರೆ ಕಣ್ಣಿನ ರೆಟಿನಾ ಕೆಡಬಹುದು, ಹಾಗಾಗಿ ಕಣ್ಣಿನ ತಪಾಸಣೆ ತಪ್ಪಿಸುವಂತಿಲ್ಲ. ಕಣ್ಣಿನ ತೊಂದರೆ ಮೊದಲೇ ಇದ್ದರೆ ನಾನಂತೂ ಡ್ಯುಟಾಸ್ಟರೈಡ್ ಬಗ್ಗೆಯೇ ಮೊದಲು ಕೇಳುತ್ತೇನೆ.

ಹುಬ್ಬಿನ ಕಥೆ ಸ್ವಲ್ಪ ಬೇರೆ. ಬೇಗ ಹಿಡಿದರೆ ಸ್ಟೆರಾಯ್ಡ್ ಇಂಜೆಕ್ಷನ್‌ಗೆ ಒಂದಿಷ್ಟು ಮರಳುವುದುಂಟು.

ಕೆಲಸ ಮಾಡುತ್ತಿದೆಯೋ ಎಂದು ಕನ್ನಡಿ ಹೇಳುವುದಿಲ್ಲ, ಟೇಪ್ ಹೇಳುತ್ತದೆ. ಹುಬ್ಬುಗಳ ನಡುವಿನಿಂದ ಗೆರೆವರೆಗೆ ಅಳೆಯಿರಿ. ಇವತ್ತು 8 ಸೆಂಟಿಮೀಟರ್ ಇದ್ದು, ವರ್ಷದ ನಂತರವೂ 8 ಇದ್ದರೆ ಔಷಧ ಗೆದ್ದಿದೆ. 9 ಆಗಿದ್ದರೆ ಬದಲಿಸುವ ಮಾತಾಡಬೇಕು.