ಪಡುವಣ ಗೋಡೆಗೆ ಯಾವ ಬಣ್ಣ: ಸಾಮಾನ್ಯ ಎಮಲ್ಷನ್ನೋ, ಎಲಾಸ್ಟೊಮೆರಿಕ್ಕೋ?

ಧಾರವಾಡದಲ್ಲಿ ಮುಂಗಾರು ಮಳೆ ಹೆಚ್ಚಾಗಿ ಬಡಿಯುವುದು ಪಡುವಣ ಗೋಡೆಗೆ. ಅಲ್ಲಿ ಗಿಲಾವಿನ ಮೇಲೆ ಕೂದಲೆಳೆಯ ಬಿರುಕುಗಳಿದ್ದರೆ ಒಳಗಿನ ಸುಣ್ಣ ಉಬ್ಬತೊಡಗುತ್ತದೆ.

ಸಾಮಾನ್ಯ ಎಕ್ಸ್‌ಟೀರಿಯರ್ ಎಮಲ್ಷನ್ ಒಣಗಿದಾಗ ತೆಳುವಾದ ಪದರವಾಗುತ್ತದೆ. ಬಿಸಿಲು, ಮಳೆಗೆ ಗಿಲಾವು ಹಿಗ್ಗಿ ಕುಗ್ಗಿದಂತೆ ಬಿರುಕಿನ ಮೇಲೆ ಅದೂ ಸೀಳುತ್ತದೆ. ಎಲಾಸ್ಟೊಮೆರಿಕ್ ಲೇಪ ಅದಕ್ಕಿಂತ ಹಲವು ಪಟ್ಟು ದಪ್ಪ, ರಬ್ಬರಿನಂತೆ ಎಳೆಯಬಲ್ಲದು. ಬಿರುಕು ತುಸು ಅಗಲಿಸಿದರೂ ಮೇಲೆ ಮುಚ್ಚಿಕೊಂಡೇ ಇರುತ್ತದೆ. ಆದರೆ ಆ ದಪ್ಪ ಬರಬೇಕಾದರೆ ಡಬ್ಬಿಯ ಮೇಲಿನ ಅಳತೆಯಷ್ಟು ಬಳಿಯಲೇಬೇಕು. 20 ಅಡಿ ಉದ್ದ, 10 ಅಡಿ ಎತ್ತರದ ಗೋಡೆ ಎಂದರೆ 200 ಚದರಡಿ. ಲೀಟರಿಗೆ ಎರಡು ಕೋಟಿನಲ್ಲಿ 30 ಚದರಡಿ ಎಂದಿದ್ದರೆ ಸುಮಾರು 7 ಲೀಟರ್ ಬೇಕು. ನೀರು ಬೆರೆಸಿ 4 ಲೀಟರಿನಲ್ಲಿ ಮುಗಿಸಿದರೆ, ದುಬಾರಿ ಹಣ ಕೊಟ್ಟು ಸಾಮಾನ್ಯ ಬಣ್ಣವನ್ನೇ ಬಳಿದಂತೆ.

ಎಲಾಸ್ಟೊಮೆರಿಕ್‌ಗೂ ಮಿತಿಯಿದೆ. ಎರೆ ಮಣ್ಣಿನ ಮೇಲೆ ಕಟ್ಟಿದ ಮನೆಗಳಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಸಾಗುವ ಬಿರುಕು ಹೆಚ್ಚಾಗಿ ಅಡಿಪಾಯದ ಚಲನೆಯದು. ಯಾವ ಬಣ್ಣವೂ ಅದನ್ನು ತಡೆಯದು. ಬಿರುಕಿಗೆ ಅಡ್ಡಲಾಗಿ ಪೆನ್ಸಿಲ್ ಗೆರೆ ಎಳೆದು, ತುದಿಗಳ ನಡುವಿನ ಅಂತರ ಬರೆದಿಟ್ಟು, ಬೇಸಿಗೆಯಲ್ಲೂ ಮಳೆಗಾಲದಲ್ಲೂ ಅಳೆಯಿರಿ. ಅಂತರ ಬೆಳೆಯುತ್ತಿದ್ದರೆ ಮೊದಲು ಎಂಜಿನಿಯರನ್ನು ಕರೆಯಿರಿ. ಪ್ಯಾರಾಪೆಟ್ಟಿನ ತಲೆಯಿಂದ ನೀರು ಇಳಿಯುತ್ತಿದ್ದರೂ ಅದನ್ನೇ ಮೊದಲು ಸರಿಪಡಿಸಬೇಕು, ಇಲ್ಲವಾದರೆ ಲೇಪದ ಹಿಂದೆ ನೀರು ಸಿಕ್ಕಿ ಗುಳ್ಳೆ ಏಳುತ್ತದೆ.

ಬಿರುಕಿಲ್ಲದ ಮೂಡಣ ಗೋಡೆಗೆ ಎಮಲ್ಷನ್ ಸಾಕು. ಪಡುವಣಕ್ಕೆ ನಾನು ಎಲಾಸ್ಟೊಮೆರಿಕ್ಕನ್ನೇ ಆರಿಸುತ್ತೇನೆ, ಅದೂ ಗೋಡೆ ಪೂರ್ತಿ ಒಣಗಿರುವ ಮಾರ್ಚ್, ಏಪ್ರಿಲ್‌ನಲ್ಲಿ.